‘ಎ’ ಯಾವಾಗ, ‘ದ’ ಯಾವಾಗ? ಕನ್ನಡದ ಕಿವಿಯಿಂದಲೇ ಕಲಿಯಬಹುದು

ಪ್ರಶ್ನೆ: ಆಫೀಸಿನಲ್ಲಿ ದಿನವೂ ಇಂಗ್ಲಿಷ್‌ನಲ್ಲಿ ಇಮೇಲ್ ಬರೆಯುತ್ತೇನೆ. ‘ಮೊದಲ ಸಲ ಹೇಳುವಾಗ ಎ, ಎರಡನೇ ಸಲ ದ’ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿದೆ. ಆದರೂ ಒಂದು ಕಡೆ ಬಿಟ್ಟುಹೋಗುತ್ತದೆ, ಇನ್ನೊಂದು ಕಡೆ ಬೇಡದಿದ್ದರೂ ಸೇರಿಕೊಳ್ಳುತ್ತದೆ. ಕನ್ನಡದವರಿಗೆ ಇದು ಯಾಕಿಷ್ಟು ಕಷ್ಟ? ಅಭ್ಯಾಸ ಮಾಡುವುದು ಹೇಗೆ?

ಉತ್ತರ: ಕನ್ನಡದಲ್ಲಿ ‘ಎ’, ‘ದ’ ತರಹದ ಆರ್ಟಿಕಲ್ ಇಲ್ಲ, ನಿಜ. ಆದರೆ ಆರ್ಟಿಕಲ್ ಮಾಡುವ ಕೆಲಸ ಕನ್ನಡದಲ್ಲೂ ನಡೆಯುತ್ತದೆ. ಈ ಎರಡು ವಾಕ್ಯಗಳನ್ನು ಜೋರಾಗಿ ಓದಿ: ‘ಮೇಜಿನ ಮೇಲೆ ಪುಸ್ತಕ ಇದೆ.’ ‘ಪುಸ್ತಕ ಮೇಜಿನ ಮೇಲಿದೆ.’ ಮೊದಲನೆಯದು ಅಲ್ಲಿ ಏನಿದೆ ಎಂದು ತಿಳಿಸುತ್ತದೆ. ಪುಸ್ತಕ ಕೇಳುವವರಿಗೆ ಹೊಸದು. ಎರಡನೆಯದು ನಾವಿಬ್ಬರೂ ಹುಡುಕುತ್ತಿದ್ದ ಪುಸ್ತಕ ಎಲ್ಲಿದೆ ಎಂದು ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಮೊದಲನೆಯದು ‘ದೇರ್ ಈಸ್ ಎ ಬುಕ್ ಆನ್ ದ ಟೇಬಲ್’, ಎರಡನೆಯದು ‘ದ ಬುಕ್ ಈಸ್ ಆನ್ ದ ಟೇಬಲ್’. ನಾವು ಪದಗಳ ಜಾಗ ಬದಲಿಸಿ ತೋರಿಸುವ ವ್ಯತ್ಯಾಸವನ್ನು ಇಂಗ್ಲಿಷ್ ಒಂದು ಪುಟ್ಟ ಪದದಿಂದ ತೋರಿಸುತ್ತದೆ.

ದ್ವಿತೀಯಾ ವಿಭಕ್ತಿಯೂ ಸುಳಿವು ಕೊಡುತ್ತದೆ. ‘ಪುಸ್ತಕ ಓದಿದೆ’ ಎಂದರೆ ಯಾವುದೋ ಪುಸ್ತಕ ಇರಬಹುದು. ‘ಪುಸ್ತಕವನ್ನು ಓದಿದೆ’ ಎಂದಾಗ ‘ಯಾವುದು ಅಂತ ನಿಮಗೆ ಗೊತ್ತಲ್ಲ, ಅದು’ ಎಂಬ ಧ್ವನಿ ಸಾಮಾನ್ಯವಾಗಿ ಬರುತ್ತದೆ. ವಸ್ತುಗಳ ವಿಷಯದಲ್ಲಿ ಮಾತ್ರ ಈ ಸುಳಿವನ್ನು ನಂಬಿ. ಮನುಷ್ಯರಾದರೆ ‘ಒಬ್ಬ ಹುಡುಗನನ್ನು ನೋಡಿದೆ’ ಎಂದು ಅಪರಿಚಿತನಿಗೂ ‘ಅನ್ನು’ ಹಚ್ಚುತ್ತೇವೆ.

ಅರಿವು ನಮಗಿದೆ, ಅದನ್ನು ಪ್ರತಿ ಸಲವೂ ಪದವಾಗಿ ಹೇಳಲೇಬೇಕೆಂಬ ಒತ್ತಾಯ ಮಾತ್ರ ಕನ್ನಡದಲ್ಲಿಲ್ಲ. ‘ರಿಪೋರ್ಟ್ ಕಳಿಸಿದ್ದೇನೆ’ ಎಂದರೆ ನಮ್ಮಲ್ಲಿ ಮುಗಿಯಿತು. ಇಂಗ್ಲಿಷ್‌ನಲ್ಲಿ ಅದು ಅವರು ಕೇಳಿದ್ದ ರಿಪೋರ್ಟೋ ಅಥವಾ ಅವರಿಗೆ ಗೊತ್ತಿಲ್ಲದ ಹೊಸದೋ ಎಂದು ತೀರ್ಮಾನಿಸದೆ ವಾಕ್ಯ ಪೂರ್ತಿಯಾಗುವುದಿಲ್ಲ.

ಶಾಲೆಯ ನಿಯಮ ಕೈಕೊಡುವುದು ಇಲ್ಲೇ. ಎಷ್ಟನೇ ಸಲ ಹೇಳುತ್ತಿದ್ದೀರಿ ಎಂಬುದು ಮುಖ್ಯವಲ್ಲ. ಕೇಳುವವರಿಗೆ ‘ಯಾವುದು’ ಎಂದು ಗೊತ್ತಾಗುತ್ತದೆಯೇ ಎಂಬುದು ಮುಖ್ಯ. ಆದ್ದರಿಂದ ಪ್ರತಿ ನಾಮಪದದ ಮುಂದೆ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳಿ, ಇದೇ ಕ್ರಮದಲ್ಲಿ. ಒಂದು: ಯಾವುದು ಎಂದು ಅವರಿಗೆ ಗೊತ್ತೇ? ಹೌದಾದರೆ ‘ದ’, ಅಲ್ಲಿಗೆ ನಿಲ್ಲಿಸಿ. ಇಲ್ಲವಾದರೆ ಎರಡನೆಯದು: ಇದು ಎಣಿಸಬಹುದಾದ ಒಂದೇ ಒಂದು ವಸ್ತುವೇ? ಹೌದಾದರೆ ‘ಎ’ ಅಥವಾ ‘ಆ್ಯನ್’. ಅಲ್ಲವಾದರೆ ಏನೂ ಬೇಡ. ಮುಂದೆ ಆಗಲೇ ‘ಮೈ’, ‘ದಿಸ್’ ಇಂಥ ಪದ ಕೂತಿದ್ದರೆ ಆರ್ಟಿಕಲ್‌ಗೆ ಜಾಗವೇ ಇಲ್ಲ, ಪ್ರಶ್ನೆಯೂ ಬೇಡ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ‘ನಿನ್ನೆ ಒಂದು ಅಂಗಡಿಯಲ್ಲಿ ಸೈಕಲ್ ನೋಡಿದೆ. ಸೈಕಲ್ ಚೆನ್ನಾಗಿತ್ತು, ಆದರೆ ಮುಂದಿನ ಚಕ್ರ ಬಾಗಿತ್ತು. ಮಾಲೀಕರಿಗೆ ಹೇಳಿದೆ. ಅವರು ಮೆಕ್ಯಾನಿಕ್.’

ಅಂಗಡಿ, ಸೈಕಲ್ ಎರಡೂ ಹೊಸವು, ತಲಾ ಒಂದೊಂದು: ‘ಐ ಸಾ ಎ ಬೈಸಿಕಲ್ ಇನ್ ಎ ಶಾಪ್ ಯೆಸ್ಟರ್ಡೇ.’ ಮುಂದಿನ ವಾಕ್ಯದ ಸೈಕಲ್ ಈಗ ಗೊತ್ತಿರುವುದು: ‘ದ ಬೈಸಿಕಲ್ ವಾಸ್ ಗುಡ್.’ ಚಕ್ರದ ಮಾತು ಬರುತ್ತಿರುವುದು ಇದೇ ಮೊದಲು, ಆದರೂ ‘ಬಟ್ ದ ಫ್ರಂಟ್ ವೀಲ್ ವಾಸ್ ಬೆಂಟ್’. ಸೈಕಲ್‌ಗೆ ಮುಂದಿನ ಚಕ್ರ ಇರುವುದು ಒಂದೇ, ಹಾಗಾಗಿ ಯಾವುದು ಎಂಬ ಅನುಮಾನ ಬರುವುದಿಲ್ಲ. ಅಂಗಡಿ ಎಂದ ಮೇಲೆ ಅದಕ್ಕೊಬ್ಬ ಮಾಲೀಕ ಇದ್ದೇ ಇರುತ್ತಾರೆ: ‘ಐ ಟೋಲ್ಡ್ ದ ಓನರ್.’ ಮೊದಲ ಸಲವೇ ‘ದ’ ಬರುವ ಇಂಥ ಜಾಗಗಳು ಬರವಣಿಗೆಯಲ್ಲಿ ಬಹಳ. ಕೊನೆಯದು ‘ಹೀ ಈಸ್ ಎ ಮೆಕ್ಯಾನಿಕ್’. ಕನ್ನಡದವರು ಹೆಚ್ಚು ಜಾರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ‘ಅವರು ಮೆಕ್ಯಾನಿಕ್’ ಎನ್ನುವಾಗ ನಾವು ‘ಒಬ್ಬ’ ಎಂದು ಸೇರಿಸುವುದಿಲ್ಲ, ಅದರಿಂದ ‘ಹೀ ಈಸ್ ಮೆಕ್ಯಾನಿಕ್’ ಎಂದುಬಿಡುತ್ತೇವೆ.

ಎರಡನೇ ಪ್ರಶ್ನೆಯಲ್ಲೂ ಕನ್ನಡ ಎರಡು ಕಡೆ ದಾರಿ ತಪ್ಪಿಸುತ್ತದೆ. ವಸ್ತುಗಳಿಗೆ ನಾವು ಬಹುವಚನವನ್ನು ಕಡ್ಡಾಯವಾಗಿ ಬಳಸುವುದಿಲ್ಲ. ‘ನನಗೆ ಪುಸ್ತಕ ಇಷ್ಟ’ ಎಂಬ ಗುಂಗಿನಲ್ಲಿ ‘ಐ ಲೈಕ್ ಬುಕ್’ ಎಂದು ಬರೆಯುತ್ತೇವೆ. ಇಲ್ಲಿ ಮಾತು ಒಂದು ಪುಸ್ತಕದ್ದಲ್ಲ, ಪುಸ್ತಕಗಳದ್ದು. ಆದ್ದರಿಂದ ‘ಐ ಲೈಕ್ ಬುಕ್ಸ್’. ಇನ್ನೊಂದು, ‘ಒಂದು ಸಲಹೆ’, ‘ಒಂದು ಮಾಹಿತಿ’ ಕನ್ನಡದಲ್ಲಿ ಸರಿ, ಆದರೆ ಇಂಗ್ಲಿಷ್‌ನ ‘ಅಡ್ವೈಸ್’, ‘ಇನ್ಫರ್ಮೇಶನ್’, ‘ಫರ್ನಿಚರ್’ ಎಣಿಕೆಗೆ ಸಿಗುವುದಿಲ್ಲ. ಅವಕ್ಕೆ ‘ಎ’ ಬೇಡ, ಕೊನೆಯಲ್ಲಿ ‘ಸ್’ ಕೂಡ ಬೇಡ. ಒಂದೇ ಎಂದು ಹೇಳಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’.

‘ಎ’ ಮತ್ತು ‘ಆ್ಯನ್’ ಸುಲಭ. ಪದವನ್ನು ಉಚ್ಚರಿಸಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಅವರ್, ಆನೆಸ್ಟ್, ಎಂಎಲ್‌ಎ ಇವಕ್ಕೆ ‘ಆ್ಯನ್’. ಯೂನಿವರ್ಸಿಟಿ, ಯುರೋಪಿಯನ್ ಇವಕ್ಕೆ ‘ಎ’. ನಾವು ‘ಒನ್’ ಎಂದು ಬರೆಯುವ ಸಂಖ್ಯೆಯ ಸರಿಯಾದ ಉಚ್ಚಾರ ‘ವನ್’, ಆದ್ದರಿಂದ ‘ಎ ವನ್‌-ವೇ ರೋಡ್’. ಇದಕ್ಕೆ ತಿರುಗಾ ಇನ್ನೊಂದು ಎಚ್ಚರಿಕೆ: ಕನ್ನಡದ ನಾಲಿಗೆ ‘ಎಗ್’ ಅನ್ನು ‘ಯೆಗ್’ ಮಾಡಿಬಿಡುತ್ತದೆ. ಆ ‘ಯ’ ನಮ್ಮ ನಾಲಿಗೆಯದು, ಪದದ್ದಲ್ಲ. ‘ಆ್ಯನ್ ಎಗ್’ ಎಂದೇ ಹೇಳಬೇಕು. ‘ದ’ ಕೂಡ ಸ್ವರದ ಮುಂದೆ ‘ದಿ’ ಆಗುತ್ತದೆ, ಆದರೆ ಬರೆಯುವಾಗ ವ್ಯತ್ಯಾಸವಿಲ್ಲ.

ಇನ್ನು ಅಭ್ಯಾಸ. ಮೊದಲು ಕಿವಿ ಪಳಗಲಿ. ಇವನ್ನು ಇಂಗ್ಲಿಷ್‌ಗೆ ತನ್ನಿ: ‘ಬಾಗಿಲ ಹತ್ತಿರ ನಾಯಿ ಇದೆ’, ‘ನಾಯಿ ಬಾಗಿಲ ಹತ್ತಿರ ಇದೆ’, ‘ಅವಳು ಎಂಜಿನಿಯರ್’, ‘ಪೆನ್ ಕೊಡಿ’, ‘ಪೆನ್ನನ್ನು ತೆಗೆದುಕೊಂಡೆ, ಮುಚ್ಚಳ ಕಾಣೆಯಾಗಿತ್ತು’. ಉತ್ತರಗಳಲ್ಲಿ ಇರಬೇಕಾದದ್ದು ಕ್ರಮವಾಗಿ: ಎ ಡಾಗ್, ದ ಡಾಗ್, ಆ್ಯನ್ ಎಂಜಿನಿಯರ್, ಯಾವ ಪೆನ್ ಆದರೂ ಆದೀತು ಎಂದಾದರೆ ಎ ಪೆನ್, ಕೊನೆಯದರಲ್ಲಿ ದ ಪೆನ್ ಮತ್ತು ದ ಕ್ಯಾಪ್. ಬಾಗಿಲು ಎರಡೂ ಕಡೆ ದ ಡೋರ್, ಯಾವ ಬಾಗಿಲು ಎಂಬುದು ಇಬ್ಬರಿಗೂ ಕಾಣುತ್ತಿದ್ದರೆ.

ಆಮೇಲೆ ಚೆನ್ನಾಗಿ ಸಂಪಾದಿಸಿದ ಯಾವುದಾದರೂ ಇಂಗ್ಲಿಷ್ ಲೇಖನದಿಂದ ಸುಮಾರು 100 ಪದಗಳ ಒಂದು ಪ್ಯಾರಾ ಆರಿಸಿ, ಆರ್ಟಿಕಲ್‌ಗಳನ್ನೆಲ್ಲ ಬಿಟ್ಟು ನಕಲು ಮಾಡಿಕೊಳ್ಳಿ. ಖಾಲಿ ಗೆರೆ ಎಳೆಯಬೇಡಿ; ಗೆರೆ ಇದ್ದರೆ ಜಾಗ ತಾನಾಗಿ ಗೊತ್ತಾಗಿ ಅಭ್ಯಾಸ ಅರ್ಧಕ್ಕರ್ಧ ವ್ಯರ್ಥ. ಮರುದಿನ ಎರಡು ಪ್ರಶ್ನೆ ಕೇಳುತ್ತ ತುಂಬಿಸಿ, ಮೂಲದ ಜೊತೆ ಹೋಲಿಸಿ. ತಪ್ಪುಗಳನ್ನು ಒಟ್ಟಾಗಿ ಎಣಿಸದೆ ಮೂರು ಗುಂಪು ಮಾಡಿ: ‘ಎ’ ಬಿಟ್ಟದ್ದು, ‘ದ’ ಬಿಟ್ಟದ್ದು, ಬೇಡದ ಕಡೆ ‘ದ’ ಹಾಕಿದ್ದು. ಮೊದಲ ಗುಂಪು ದೊಡ್ಡದಾದರೆ ‘ಹೀ ಈಸ್’, ‘ಇಟ್ ಈಸ್’ ನಂತರದ ನಾಮಪದಗಳನ್ನು ಹತ್ತಿರದಿಂದ ನೋಡಿ. ಎರಡನೆಯದಾದರೆ ಚಕ್ರ, ಮಾಲೀಕರಂತಹ ಜಾಗಗಳನ್ನು ಹುಡುಕಿ. ಮೂರನೆಯದಾದರೆ, ಒಟ್ಟಾರೆ ಮಾತಾಡುವ ಬಹುವಚನಗಳಿಗೂ ಎಣಿಕೆಗೆ ಸಿಗದ ಪದಗಳಿಗೂ ‘ದ’ ಅಂಟಿಸುತ್ತಿದ್ದೀರಿ.

ಮೂಲದಲ್ಲಿ ‘ಗೋ ಟು ಬೆಡ್’, ‘ಬೈ ಬಸ್’ ಇಂಥವು ಕಂಡರೆ ಎರಡು ಪ್ರಶ್ನೆಗಳಿಂದ ಬಗೆಹರಿಸಲು ಹೋಗಬೇಡಿ. ಅವು ಇಡಿಯಾಗಿ ನೆನಪಿಡಬೇಕಾದ ನುಡಿಗಟ್ಟುಗಳು. ಬೇರೆ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ.