9% ಫ್ಲ್ಯಾಟ್ ಮತ್ತು 14.5% ರೆಡ್ಯೂಸಿಂಗ್: ಯಾವ ಪರ್ಸನಲ್ ಲೋನ್ ಅಗ್ಗ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ಮನೆ ಅಡ್ವಾನ್ಸ್‌ಗೆ ಮತ್ತು ತಂಗಿ ಮದುವೆ ಖರ್ಚಿಗೆ 3 ಲಕ್ಷ ಬೇಕು, 3 ವರ್ಷದಲ್ಲಿ ತೀರಿಸ್ತೀನಿ. ಒಂದು ಫೈನಾನ್ಸ್ ಕಂಪನಿಯವರು 9% ಫ್ಲ್ಯಾಟ್ ಅಂತಾರೆ, ಪ್ರೊಸೆಸಿಂಗ್ ಫೀ 1%. ನನ್ನ ಸಂಬಳದ ಬ್ಯಾಂಕ್‌ನವರು 14.5% ರೆಡ್ಯೂಸಿಂಗ್ ಅಂತಾರೆ, ಫೀ 2%. 9 ಕಡಿಮೆ ಅಲ್ವಾ? ಇಎಂಐನಲ್ಲಿ ಇನ್ನೂರೈವತ್ತು ರೂಪಾಯಿ ವ್ಯತ್ಯಾಸ ಅಷ್ಟೇ ಕಾಣ್ತಿದೆ, ಅದೂ ಬ್ಯಾಂಕ್ ಕಡೆಯೇ ಕಡಿಮೆ. ಇದು ಹೇಗೆ?

ಉತ್ತರ:

ಬ್ಯಾಂಕಿನದೇ ಅಗ್ಗ. ನಿಮ್ಮ ಕಣ್ಣಿಗೆ ಬಿದ್ದ ಆ ಇನ್ನೂರೈವತ್ತು ರೂಪಾಯಿಯೇ ಅದಕ್ಕೆ ಸಾಕ್ಷಿ. ನಾನು ಬಹಳ ವರ್ಷ ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವನು. ಕೌಂಟರಿನ ಆಚೆ ಕಡೆಯಿಂದ ದಿನಾ ಕೇಳುತ್ತಿದ್ದ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು 9% ಫ್ಲ್ಯಾಟ್ ಲೆಕ್ಕ. 3 ಲಕ್ಷಕ್ಕೆ ವರ್ಷಕ್ಕೆ 9% ಅಂದರೆ 27,000. ಮೂರು ವರ್ಷಕ್ಕೆ 81,000. ಅದನ್ನು ಅಸಲಿಗೆ ಸೇರಿಸಿದರೆ 3,81,000. 36 ಕಂತಿಗೆ ಭಾಗ ಮಾಡಿದರೆ ಇಎಂಐ 10,583. ಬಾಯಿ ಲೆಕ್ಕದಲ್ಲೇ ಮುಗಿಯುತ್ತದೆ. ಏಜೆಂಟರಿಗೆ ಈ ಪದ್ಧತಿ ಇಷ್ಟವಾಗುವುದಕ್ಕೆ ಅದೂ ಒಂದು ಕಾರಣ.

ತೊಂದರೆ ಇರುವುದು ಇಲ್ಲಿ. ಈ ಲೆಕ್ಕದಲ್ಲಿ ಪ್ರತಿ ತಿಂಗಳೂ 8,333 ರೂಪಾಯಿ ಅಸಲಿಗೆ, 2,250 ಬಡ್ಡಿಗೆ ಹೋಗುತ್ತದೆ. ಮೊದಲ ತಿಂಗಳು ನಿಮ್ಮ ಕೈಯಲ್ಲಿ ಅವರ 3 ಲಕ್ಷ ಇದೆ, ಬಡ್ಡಿ 2,250. ಸರಿ. ಒಂದೂವರೆ ವರ್ಷ ಆದ ಮೇಲೆ ಅರ್ಧ ಅಸಲು ವಾಪಸ್ ಹೋಗಿದೆ, ನಿಮ್ಮ ಹತ್ತಿರ ಉಳಿದಿರುವುದು ಒಂದೂವರೆ ಲಕ್ಷ ಮಾತ್ರ. ಬಡ್ಡಿ ಆಗಲೂ 2,250. ಕೊನೆಯ ತಿಂಗಳು ಉಳಿದಿರುವುದು 8,333. ಅದಕ್ಕೂ 2,250! ಮೂರು ವರ್ಷದ ಸರಾಸರಿ ತೆಗೆದರೆ ನೀವು ಬಳಸಿದ್ದು 3 ಲಕ್ಷ ಅಲ್ಲ, ಸುಮಾರು ಒಂದೂವರೆ ಲಕ್ಷ. ಬಡ್ಡಿ ಕೊಟ್ಟಿದ್ದು ಮಾತ್ರ ಪೂರ್ತಿ 3 ಲಕ್ಷಕ್ಕೆ.

ರೆಡ್ಯೂಸಿಂಗ್‌ನಲ್ಲಿ ಆಯಾ ತಿಂಗಳು ಬಾಕಿ ಇರುವ ಅಸಲಿಗೆ ಮಾತ್ರ ಬಡ್ಡಿ. 14.5% ಅಂದರೆ ಇಎಂಐ 10,326. ಮೊದಲ ತಿಂಗಳು ಬಡ್ಡಿ 3,625, ಅಸಲಿಗೆ 6,701. ಆಮೇಲೆ ಬಡ್ಡಿ ತಿಂಗಳು ತಿಂಗಳೂ ಇಳಿಯುತ್ತಾ ಬಂದು ಕೊನೆಯ ಕಂತಿನಲ್ಲಿ 123 ರೂಪಾಯಿ ಮಾತ್ರ ಉಳಿಯುತ್ತದೆ. ಮೂರು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 71,750. ಫ್ಲ್ಯಾಟ್‌ನವರ 81,000ಕ್ಕಿಂತ 9,250 ಕಡಿಮೆ.

ಒಂದು ಆಟ ಇದೆ, ಹುಷಾರಾಗಿರಿ. ಏಜೆಂಟರು ಮೊದಲ ಕಂತನ್ನೇ ತೋರಿಸಿ, “ಬ್ಯಾಂಕಿನಲ್ಲಿ ಮೊದಲ ತಿಂಗಳೇ 3,625 ಬಡ್ಡಿ ಹಿಡೀತಾರೆ ಸಾರ್, ನಮ್ಮಲ್ಲಿ 2,250 ಅಷ್ಟೇ” ಅಂತಾರೆ. ಅದು ಸುಳ್ಳಲ್ಲ. ಆದರೆ ಬ್ಯಾಂಕಿನ ಬಡ್ಡಿ 2,250ಕ್ಕಿಂತ ಕೆಳಗೆ ಇಳಿದ ಮೇಲೆ ಬರುವ ಕಂತುಗಳ ಮಾತನ್ನೇ ಅವರು ಎತ್ತುವುದಿಲ್ಲ.

ಈಗ ಎರಡನ್ನೂ ಒಂದೇ ಅಳತೆಗೆ ತರೋಣ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ತೆಗೆದು ಯಾವುದಾದರೂ ಒಂದು ಖಾನೆಯಲ್ಲಿ ಇದನ್ನು ಟೈಪ್ ಮಾಡಿ:

```
=RATE(36,-10583,300000)*12
```

36 ಅಂದರೆ ಕಂತುಗಳ ಸಂಖ್ಯೆ, ನಂತರದ್ದು ಇಎಂಐ, ಕೊನೆಯದು ಸಾಲದ ಮೊತ್ತ. ಇಎಂಐ ಮುಂದೆ ಮೈನಸ್ ಇರಲೇಬೇಕು. ಅದು ನಿಮ್ಮ ಕೈಯಿಂದ ಹೋಗುವ ದುಡ್ಡು, ಸಾಲ ಕೈಗೆ ಬರುವ ದುಡ್ಡು. ಮೈನಸ್ ಮರೆತರೆ `#NUM!` ಅಂತ ಬರುತ್ತದೆ. ಉತ್ತರವನ್ನು ಶೇಕಡಾ ರೂಪಕ್ಕೆ ಬದಲಾಯಿಸಿದರೆ 16.24% ಅಂತ ಕಾಣುತ್ತದೆ. ಅಂದರೆ ನಿಮಗೆ ಹೇಳಿದ 9% ಫ್ಲ್ಯಾಟ್, ಬ್ಯಾಂಕಿನ ಭಾಷೆಯಲ್ಲಿ 16.24%. ಅದನ್ನು ಹೋಲಿಸಬೇಕಾದದ್ದು 14.5ರ ಜೊತೆ.

ಫೋನಿನಲ್ಲಿ ಮಾತಾಡುವಾಗ ಶೀಟ್ ಕೈಯಲ್ಲಿ ಇರುವುದಿಲ್ಲ, ಅಲ್ವಾ? ಆಗ ಫ್ಲ್ಯಾಟ್ ದರವನ್ನು 1.8ರಿಂದ ಗುಣಿಸಿ. 9 × 1.8 = 16.2. ಒಂದರಿಂದ ಮೂರು ವರ್ಷದ ಸಾಲಕ್ಕೆ, ಫ್ಲ್ಯಾಟ್ ದರ 9%ರ ಆಸುಪಾಸಿನಲ್ಲಿದ್ದರೆ ಇದು ಹತ್ತಿರದ ಉತ್ತರ ಕೊಡುತ್ತದೆ. ಐದು ವರ್ಷಕ್ಕೆ ಇದೇ 9% ಫ್ಲ್ಯಾಟ್ ಸುಮಾರು 15.7%ಗೆ ಸಮ, ಹಾಗಾಗಿ ಅಲ್ಲಿ 1.75 ಹಿಡಿದುಕೊಳ್ಳಿ. ಇದು ಅಂದಾಜಿಗೆ ಮಾತ್ರ. ಸಹಿ ಹಾಕುವ ಮುಂಚೆ ಶೀಟ್‌ನಲ್ಲೇ ನೋಡಿ.

ಇಲ್ಲಿಗೆ ಮುಗಿಯಲಿಲ್ಲ. ಫೀ ಎಲ್ಲಿ ಹೋಯಿತು? ಬ್ಯಾಂಕಿನ 2% ಅಂದರೆ 6,000. ಅದರ ಮೇಲೆ 18% ಜಿಎಸ್‌ಟಿ, 1,080. ಒಟ್ಟು 7,080 ಮೊದಲೇ ಕಟ್ ಆಗುತ್ತದೆ. ಕೈಗೆ ಬರುವುದು 2,92,920. ಇಎಂಐ ಮಾತ್ರ ಪೂರ್ತಿ 3 ಲಕ್ಷದ ಮೇಲೆ. ಆದ್ದರಿಂದ ಸೂತ್ರದ ಕೊನೆಯಲ್ಲಿ ಸಾಲದ ಮೊತ್ತ ಹಾಕಬೇಡಿ, ಕೈಗೆ ಬಂದ ಮೊತ್ತ ಹಾಕಿ:

```
=RATE(36,-10326,292920)*12
=RATE(36,-10583,296460)*12
```

ಮೊದಲ ಸಾಲು ಬ್ಯಾಂಕಿನದು. 14.5% ಈಗ 16.2% ಆಯಿತು. ಎರಡನೆಯದು ಫೈನಾನ್ಸ್ ಕಂಪನಿಯದು, 1% ಫೀ ಮತ್ತು ಜಿಎಸ್‌ಟಿ ಸೇರಿ 3,540 ಕಟ್ ಆದ ಮೇಲೆ. ಅದು 17.1%. ಬ್ಯಾಂಕೇ ಮುಂದಿದೆ, ಆದರೆ ಅಂತರ ನೋಡಿ: ಫೀ ಇಲ್ಲದಾಗ ಒಂದೂಮುಕ್ಕಾಲು ಪರ್ಸೆಂಟ್ ಇದ್ದದ್ದು ಒಂದಕ್ಕಿಂತ ಕೆಳಗೆ ಬಂತು. ಬ್ಯಾಂಕಿನವರು ಫೀ ಇನ್ನೂ ಏರಿಸಿದ್ದರೆ ಲೆಕ್ಕ ತಿರುಗಿಬೀಳಬಹುದಿತ್ತು. ರೆಡ್ಯೂಸಿಂಗ್ ಅಂದ ಮಾತ್ರಕ್ಕೆ ಅಗ್ಗ ಅಂತ ನಾನು ಹೇಳುತ್ತಿಲ್ಲ.

ಇನ್ಶೂರೆನ್ಸ್ ಬೇರೆ ಇದೆ. ಸಾಲದ ಜೊತೆ ಪಾಲಿಸಿಯೊಂದನ್ನು ಸುಮ್ನೆ ಸೇರಿಸಿ, ಕೈಗೆ ಕೊಡುವಾಗ ಕಟ್ ಮಾಡುವುದು ಬಹಳ ಕಡೆ ನಡೆಯುತ್ತದೆ. ನಿಮ್ಮ ಫ್ಲ್ಯಾಟ್ ಸಾಲದಲ್ಲಿ 6,000 ರೂಪಾಯಿ ಪ್ರೀಮಿಯಂ ಹೀಗೆ ಹೋಯಿತು ಅಂದುಕೊಳ್ಳಿ. ಕೈಗೆ ಬರುವುದು 2,90,460. ದರ 18.6% ಮುಟ್ಟುತ್ತದೆ. 9ರಲ್ಲಿ ಶುರುವಾದ ಮಾತು ಎಲ್ಲಿಗೆ ಬಂತು ನೋಡಿ.

ಎಲ್ಲ ಖರ್ಚು ಸೇರಿಸಿ ಬರುವ ಈ ದರಕ್ಕೆ ಎಪಿಆರ್ ಅಂತಾರೆ. ನೀವೇ ಲೆಕ್ಕ ಹಾಕದಿದ್ದರೂ ಅದನ್ನು ಕೇಳಿ ಪಡೆಯುವ ಹಕ್ಕು ಇದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ರಿಟೇಲ್ ಸಾಲಗಳಿಗೆ ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳು, ಎನ್‌ಬಿಎಫ್‌ಸಿ ಎನ್ನುವ ಫೈನಾನ್ಸ್ ಕಂಪನಿಗಳು ಎಲ್ಲರೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಬೇಕು ಎಂದು ಆರ್‌ಬಿಐ ನಿಯಮ ಮಾಡಿದೆ. ಕೆಎಫ್‌ಎಸ್ ಎಂದರೂ ಅದೇ. ಅದರಲ್ಲಿ ಎಪಿಆರ್ ಇರಬೇಕು, ಅದನ್ನು ಹೇಗೆ ಲೆಕ್ಕ ಹಾಕಿದರು ಎನ್ನುವ ಹಾಳೆ ಇರಬೇಕು, ಪ್ರತಿ ಕಂತಿನ ಅಸಲು-ಬಡ್ಡಿ ಪಟ್ಟಿ ಇರಬೇಕು. ಬೇರೆ ಕಂಪನಿಯ ಪರವಾಗಿ ವಸೂಲಿ ಮಾಡುವ ಇನ್ಶೂರೆನ್ಸ್ ದುಡ್ಡೂ ಎಪಿಆರ್ ಒಳಗೆ ಬರಬೇಕು. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತಲೂ ಇದೆ, ಹಾಗಾಗಿ ಕನ್ನಡದಲ್ಲಿ ಕೇಳಲು ಸಂಕೋಚ ಬೇಡ. ಅದರಲ್ಲಿ ಬರೆಯದ ಚಾರ್ಜನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ.

ಆದರೆ ಬೆಂಗಳೂರಿನಲ್ಲಿ ಬೀದಿಗೊಂದು ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವೆ. ಅವು ಬ್ಯಾಂಕ್ ಅಲ್ಲ, ರಾಜ್ಯದ ಸಹಕಾರ ಕಾಯ್ದೆಗಳ ಕೆಳಗೆ ಬರುತ್ತವೆ. ಆರ್‌ಬಿಐನ ಈ ನಿಯಮ ಅವಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ತಗೊಳ್ಳುವುದಾದರೆ ಮೂರು ಅಂಕಿ ಕೇಳಿ: ಕೈಗೆ ಎಷ್ಟು, ತಿಂಗಳಿಗೆ ಎಷ್ಟು, ಎಷ್ಟು ಕಂತು. ಬಡ್ಡಿ ದರ ಕೇಳದಿದ್ದರೂ ನಡೆಯುತ್ತದೆ, ಮೇಲಿನ ಸೂತ್ರವೇ ಹೇಳುತ್ತದೆ. ಷೇರು ದುಡ್ಡು ಅಂತ ಹಿಡಿದುಕೊಂಡರೆ ಅದು ವಾಪಸ್ ಬರುತ್ತದೋ, ಯಾವಾಗ ಬರುತ್ತದೆ ಅಂತಲೂ ಕೇಳಿ.

ನನ್ನ ಅನುಭವದಲ್ಲಿ ಜನ ನಿಜವಾಗಿ ಪೆಟ್ಟು ತಿನ್ನುವುದು ಸಾಲವನ್ನು ಮಧ್ಯದಲ್ಲಿ ಮುಗಿಸಲು ಹೋದಾಗ. ನೀವು ಮನೆ ಅಡ್ವಾನ್ಸ್‌ಗೆ ಅಂತ ಬರೆದಿದ್ದೀರಿ. ನಾಳೆ ಆ ಮನೆ ಖಾಲಿ ಮಾಡಿದರೆ ಅಡ್ವಾನ್ಸ್ ವಾಪಸ್ ಬರುತ್ತದೆ, ಸಾಲ ತೀರಿಸೋಣ ಅನ್ನಿಸುತ್ತದೆ. 12 ಕಂತು ಕಟ್ಟಿದ ಮೇಲೆ ಹಾಗೆ ಹೋದಿರಿ ಅಂದುಕೊಳ್ಳಿ. ಬ್ಯಾಂಕಿನಲ್ಲಿ ಬಾಕಿ ಅಸಲು ಸುಮಾರು 2,14,000. ಅಷ್ಟು ಕೊಟ್ಟು, ಒಪ್ಪಂದದಲ್ಲಿ ಫೋರ್‌ಕ್ಲೋಷರ್ ಚಾರ್ಜ್ ಇದ್ದರೆ ಅದನ್ನೂ ಕೊಟ್ಟರೆ ಮುಗಿಯಿತು. ಪರ್ಸನಲ್ ಲೋನ್ ಬಹುತೇಕ ಫಿಕ್ಸೆಡ್ ದರದ್ದು, ಹಾಗಾಗಿ ಫ್ಲೋಟಿಂಗ್ ಹೋಮ್ ಲೋನಿನ ಹಾಗೆ ಚಾರ್ಜ್ ಇಲ್ಲ ಅಂತ ಭಾವಿಸಬೇಡಿ.

ಫ್ಲ್ಯಾಟ್ ಸಾಲದಲ್ಲಿ ಎಷ್ಟು ಕೊಡಬೇಕು ಎನ್ನುವುದು ಒಪ್ಪಂದದಲ್ಲಿ ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ ನಿಂತಿದೆ. 16.24% ರೆಡ್ಯೂಸಿಂಗ್ ಪ್ರಕಾರ ಪಟ್ಟಿ ಮಾಡಿದ್ದರೆ ಬಾಕಿ ಸುಮಾರು 2,15,600. ಇದು ನ್ಯಾಯವಾದದ್ದು. “ಬಡ್ಡಿ ಮೊದಲೇ ನಿಗದಿ ಆಗಿದೆ, ಉಳಿದ 24 ಕಂತೂ ಕಟ್ಟಿ” ಅಂದರೆ 2,54,000. ಒಂದೇ ಸಾಲ, ಒಂದೇ ದಿನ, 38,000ಕ್ಕಿಂತ ಜಾಸ್ತಿ ವ್ಯತ್ಯಾಸ! ಇನ್ನೂ ಬಳಸದ ಎರಡು ವರ್ಷಕ್ಕೂ ಬಡ್ಡಿ ಕೊಟ್ಟ ಹಾಗೆ. ಆದ್ದರಿಂದ ಏಜೆಂಟರ ಹತ್ತಿರ, “12 ಕಂತು ಆದ ಮೇಲೆ ಮುಗಿಸಿದರೆ ಒಟ್ಟು ಎಷ್ಟು ಕೊಡಬೇಕು, ರೂಪಾಯಿಯಲ್ಲಿ ಬರೆದುಕೊಡಿ” ಅಂತ ಕೇಳಿ. ಪರ್ಸೆಂಟ್‌ನಲ್ಲಿ ಉತ್ತರ ಬಂದರೆ ಒಪ್ಪಬೇಡಿ. ಅವರು ವಾಟ್ಸಾಪಿನಲ್ಲಿ ಕಂತಿನ ಪಟ್ಟಿ ಕಳಿಸಿದರೆ ಅದನ್ನು ಕೆಎಫ್‌ಎಸ್‌ನ ಪಟ್ಟಿಯ ಜೊತೆ ಹೋಲಿಸಿ. ಎಲ್ಲ ಕಂತಿನಲ್ಲೂ ಬಡ್ಡಿ 2,250 ಅಂತಲೇ ಬರೆದಿದ್ದರೆ, ಮುಂಚೆ ಮುಗಿಸುವಾಗ ಉಳಿದ ಬಡ್ಡಿ ಬಿಡುತ್ತಾರಾ ಅಂತ ಖಂಡಿತ ಕೇಳಿ.

ಬೇಗ ಮುಗಿಸುವ ಯೋಚನೆ ಇದ್ದರೆ ಫೀ ಬಗ್ಗೆಯೂ ಜಾಸ್ತಿ ಚೌಕಾಸಿ ಮಾಡಬೇಕು. ಮೂರು ವರ್ಷಕ್ಕೆ ಹಂಚಿಹೋಗಬೇಕಿದ್ದ 7,080 ಒಂದೇ ವರ್ಷದ ಮೇಲೆ ಬೀಳುತ್ತದೆ, ವಾಪಸ್ ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಸಂಬಳದ ಬ್ಯಾಂಕಿಗೇ ಹೋಗಿ ದರಕ್ಕಿಂತ ಮೊದಲು ಫೀ ಕಡೆ ಬೆರಳು ತೋರಿಸುತ್ತಿದ್ದೆ. ದರ ಇಳಿಸುವುದು ಶಾಖೆಯವರ ಕೈಯಲ್ಲಿ ಅಷ್ಟಾಗಿ ಇರುವುದಿಲ್ಲ, ಫೀ ಬಿಡುವ ಅವಕಾಶ ಎಷ್ಟೋ ಸಲ ಇರುತ್ತದೆ. 2% ಇದ್ದದ್ದನ್ನು 1% ಮಾಡಿಸಿದರೂ ನಿಮ್ಮ ಎಪಿಆರ್ 16.2ರಿಂದ 15.3ಕ್ಕೆ ಇಳಿಯುತ್ತದೆ. ಫೈನಾನ್ಸ್ ಕಂಪನಿಯವರ ಆಫರನ್ನು ತೋರಿಸಿಯೇ ಕೇಳಿ.