ಒಂದೇ ಸ್ಕ್ಯಾನ್‌ಗೆ ಸ್ಟಾಕ್ ಮೂರ್ನಾಲ್ಕು ಕಮ್ಮಿ ಆಗ್ತಿದ್ರೆ

ಪ್ರಶ್ನೆ: ಅಂಗಡಿ ಆ್ಯಪಲ್ಲಿ ಬಾರ್‌ಕೋಡ್ ಒಂದ್ಸಲ ಸ್ಕ್ಯಾನ್ ಮಾಡಿದ್ರೆ ಸ್ಟಾಕ್ ಮೂರ್ನಾಲ್ಕು ಕಮ್ಮಿ ಆಗುತ್ತೆ, ಎರಡು ಫೋನ್ ಬಳಸಿದ್ರೆ ಲೆಕ್ಕ ಇನ್ನೂ ಕೆಡುತ್ತೆ, ಯಾಕೆ?

ಕ್ಯಾಮೆರಾ ಫೋಟೋ ತೆಗೆಯಲ್ಲ, ವಿಡಿಯೋ ಥರ ಸೆಕೆಂಡಿಗೆ ಹತ್ತಾರು ಫ್ರೇಮ್ ಕೊಡ್ತಾ ಇರುತ್ತೆ, ಬಿಸ್ಕೆಟ್ ಪ್ಯಾಕೆಟ್ಟನ್ನ ಅರ್ಧ ಸೆಕೆಂಡ್ ಹಿಡಿದ್ರೂ ಅದೇ ಕೋಡ್ ನಾಲ್ಕೈದು ಸಲ ಓದಿ ಪ್ರತಿ ಸಲಾನೂ ನಿಮ್ಮ ಫಂಕ್ಷನ್ ಕರೆಯುತ್ತೆ. ಅದಕ್ಕೆ ಮೊದಲನೇ ಸಲ ಓದಿದ ತಕ್ಷಣ ಸ್ಕ್ಯಾನರ್ ನಿಲ್ಲಿಸಿ, ಐಟಂ ಹೆಸರು ತೋರಿಸಿ, ಒತ್ತಿ ಖಚಿತ ಮಾಡಿದ ಮೇಲೇ ಮತ್ತೆ ಶುರು ಮಾಡಿ. ಬರೀ ಎರಡು ಸೆಕೆಂಡ್ ಅದೇ ಕೋಡ್ ಬಿಟ್ಟುಬಿಡೋಣ ಅಂದ್ರೆ ಸಾಲದು, ಗಿರಾಕಿ ನಿಜವಾಗ್ಲೂ ಎರಡು ಪ್ಯಾಕೆಟ್ ತಗೊಂಡಾಗ ಒಂದು ತಪ್ಪಿಹೋಗುತ್ತೆ.

ಎರಡು ಫೋನಿನ ಕಥೆ ಬೇರೆ. ಸ್ಟಾಕ್ 20 ಇದೆ ಅನ್ಕೊಳ್ಳಿ, ಎರಡೂ ಫೋನ್ 20 ಓದ್ಕೊಂಡು, ತಾವೇ ಒಂದು ಕಳೆದು, ಎರಡೂ 19 ಅಂತ ಬರೆದ್ರೆ ಹೋಗಿದ್ದು ಎರಡು, ಕಮ್ಮಿ ಆಗಿದ್ದು ಒಂದೇ. ಫೋನ್ 19 ಅನ್ನೋ ಉತ್ತರ ಕಳಿಸಬಾರದು, ಒಂದು ಕಳೀಬೇಕು ಅನ್ನೋ ಬದಲಾವಣೆ ಮಾತ್ರ ಕಳಿಸಬೇಕು, ಕಳೆಯೋದು ಡೇಟಾಬೇಸೇ ಮಾಡ್ಲಿ:

```sql
UPDATE stock SET qty = qty - 1
WHERE barcode = '8901234567890' AND qty >= 1;
```

ಒಂದೂ ಸಾಲು ಬದಲಾಗದಿದ್ರೆ ಸ್ಟಾಕ್ ಇಲ್ಲ, ಅಥವಾ ಆ ಕೋಡೇ ಇಲ್ಲ ಅಂತ ಅರ್ಥ. ಕೋಡನ್ನ ಟೆಕ್ಸ್ಟ್ ಆಗೇ ಇಡಿ, ನಂಬರ್ ಮಾಡಿದ್ರೆ ಶುರುವಲ್ಲಿರೋ ಸೊನ್ನೆ ಹಾರಿಹೋಗಿ ಕೆಲವು ವಿದೇಶಿ ಐಟಂ ಸಿಗೋದೇ ಇಲ್ಲ.

ನೆಟ್ ನಿಧಾನ ಇದ್ದಾಗ ಆ್ಯಪ್ ಅದೇ ರಿಕ್ವೆಸ್ಟ್ ಎರಡನೇ ಸಲ ಕಳಿಸಬಹುದು, ಆದ್ದರಿಂದ ಪ್ರತಿ ಮಾರಾಟಕ್ಕೂ ಫೋನಲ್ಲೇ ಒಂದು ಐಡಿ ಹುಟ್ಟಿಸಿ, ಆ ಐಡಿ ಮೊದಲೇ ಬಂದಿದ್ರೆ ಸರ್ವರ್ ಮತ್ತೆ ಕಳೀಬಾರದು.