‘ಜಾತೋ’ ಅನ್ನಬೇಡಿ, ‘ಯೇತೋ’ ಅನ್ನಿ

ಪ್ರಶ್ನೆ: ಪುಣೆಗೆ ವರ್ಗ ಆಗಿದೆ, ಹೆಂಡತಿ ಮಗು ಕರ್ಕೊಂಡು ಮುಂದಿನ ತಿಂಗಳು ಹೊರಡ್ತಿದ್ದೀವಿ. ಹಿಂದಿ ಚೆನ್ನಾಗಿ ಬರುತ್ತೆ. ಮರಾಠಿಯಲ್ಲಿ ಥ್ಯಾಂಕ್ಸ್, ಸಾರಿ, ಬಾಯ್‌ಗೆ ಏನಂತಾರೆ? ಅಷ್ಟು ಸಾಕಲ್ವಾ?

2013ರಲ್ಲಿ ದಾವಣಗೆರೆಯಿಂದ ಪುಣೆಯ ಕೋಥ್ರೂಡ್‌ಗೆ ಹೋದಾಗ ನಾನೂ ಹಿಂದಿಯ ಧೈರ್ಯದಲ್ಲೇ ಇದ್ದೆ. ಎದುರು ಮನೆಯಲ್ಲಿ ವಯಸ್ಸಾದ ದಂಪತಿ, ಮಗ, ಸೊಸೆ. ನಮ್ಮ ಮಗಳ ಸ್ಕೂಲ್ ವ್ಯಾನ್ ಮೂರೂವರೆಗೆ ಬರ್ತಿತ್ತು, ನನ್ನ ಹೆಂಡತಿ ಕೆಲಸ ಮುಗಿಸಿ ಬರೋದು ಐದಕ್ಕೆ. ಆ ಒಂದೂವರೆ ಗಂಟೆ ಮಗು ಎದುರು ಮನೆ ಆಜಿ ಹತ್ತಿರ ಇರ್ತಿತ್ತು. ಅವರಾಗೇ ಕರೆದು ಇಟ್ಕೊಂಡಿದ್ದು.

ಸೆಪ್ಟೆಂಬರ್‌ನಲ್ಲಿ ಆಜಿಗೆ ಹುಷಾರು ತಪ್ಪಿ, ಆಸ್ಪತ್ರೆ ಸೇರಿ ವಾಪಸ್ ಬಂದರು. ಹಣ್ಣು ತಗೊಂಡು ನೋಡೋಕೆ ಹೋದ್ವಿ. ಹೊರಡುವಾಗ ನಾನು ಎದ್ದು ಆಜಿಯ ಗಂಡನಿಗೆ, ‘ಕಾಕಾ, ಆಮ್ಹೀ ಜಾತೋ’ ಅಂದೆ. ಮಾತ್ರೆ, ನೀರಿನ ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದ ಸೊಸೆ ಮುಖ ಬಿಗಿದುಕೊಂಡು ಒಳಗೆ ಹೋಗಿಬಿಟ್ಟರು. ಕಾಕಾ ಮೆಲ್ಲಗೆ, ‘ಜಾತೋ ಮ್ಹಣೂ ನಯೇ, ಯೇತೋ ಮ್ಹಣಾವಂ’ ಅಂದರು. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಅಂತ.

ಈ ತಪ್ಪನ್ನ ಬಿಡಿಸಿ ಹೇಳಲೇಬೇಕು. ನಮ್ಮ ಮನೆಯಲ್ಲಿ ಯಾರಾದರೂ ‘ಹೋಗ್ತೀನಿ’ ಅಂದ್ರೆ ನಮ್ಮಜ್ಜಿ ‘ಬಿಡ್ತು ಅನ್ನು, ಹೋಗಿ ಬರ್ತೀನಿ ಅನ್ನು’ ಅಂತ ಗದರ್ತಿದ್ದರು. ಕಾಯಿಲೆ ಮಲಗಿದವರ ಮುಂದೆ ಅಂತೂ ಆ ಮಾತು ಬಾಯಿಗೇ ಬರಬಾರದು. ಇದು ನನಗೆ ಹುಟ್ಟಿದಾಗಿಂದ ಗೊತ್ತು. ಆದರೂ ಅವತ್ತು ಹೇಳಿದೆ, ಯಾಕಂದ್ರೆ ನಾನು ಮರಾಠಿಯನ್ನ ಕನ್ನಡದಿಂದ ಹುಡುಕಲಿಲ್ಲ. ತಲೆಯಲ್ಲಿ ಹಿಂದಿಯ ‘ಜಾತಾ ಹೂಂ’ ಇತ್ತು, ಅದರ ಬಾಲ ಕತ್ತರಿಸಿ ‘ಜಾತೋ’ ಮಾಡಿಕೊಂಡೆ. ವ್ಯಾಕರಣ ಸರಿಯಾಗೇ ಇತ್ತು. ಅಲ್ಲಿ ಆಡೋ ಮಾತಾಗಿರಲಿಲ್ಲ, ಅಷ್ಟೇ. ಕನ್ನಡದಲ್ಲಿ ಯೋಚಿಸಿದ್ದರೆ ‘ಬರ್ತೀವಿ’ಗೆ ಮರಾಠಿ ಏನು ಅಂತ ಕೇಳಿಕೊಳ್ತಿದ್ದೆ, ಉತ್ತರ ತಾನಾಗೇ ಬರ್ತಿತ್ತು.

ಮಾರನೇ ದಿನ ಸೊಸೆ, ಆಜಿಗೆ ವಿಶ್ರಾಂತಿ ಬೇಕು, ಮಗು ಬೇಡ ಅಂದರು. ಅದು ನಿಜವೇ. ಆದರೆ ಆಜಿ ಕೆಳಗಿಳಿದು ಓಡಾಡೋಕೆ ಶುರು ಮಾಡಿದ ಮೇಲೂ ಕರೆ ಬರಲಿಲ್ಲ. ನನ್ನ ಹೆಂಡತಿ ಸಂಬಳ ಕಡಿಮೆ ಮಾಡ್ಕೊಂಡು ಅರ್ಧ ದಿನದ ಕೆಲಸಕ್ಕೆ ಇಳಿದಳು. ದೀಪಾವಳಿಗೆ ಚಕ್ಕುಲಿ ಹಿಡ್ಕೊಂಡು ಹೋಗಿ, ಹೊಸ್ತಿಲಲ್ಲಿ ‘ಯೇಊ ಕಾ?’ (ಬರಲಾ?) ಅಂತ ಕೇಳಿದ್ವಿ, ಹೊರಡುವಾಗ ‘ಯೇತೋ ಆಮ್ಹೀ’ ಅಂದ್ವಿ. ಆಜಿ ಒಳಗಿಂದ ‘ಯಾ!’ ಅಂದರು. ಮುಂದಿನ ವಾರ ಮಗು ಮತ್ತೆ ಅವರ ಮನೆಯಲ್ಲಿತ್ತು.

ಅದಕ್ಕೇ ಹೇಳ್ತಿರೋದು, ಹಿಂದಿ ಬರುತ್ತೆ ಅನ್ನೋದನ್ನ ಪಕ್ಕಕ್ಕಿಡಿ. ‘ಬಾ, ಬನ್ನಿ’ ಇದ್ದ ಹಾಗೇ ಅಲ್ಲಿ ‘ಯೇ, ಯಾ’. ‘ಕೂತ್ಕೊಳ್ಳಿ’ಗೆ ‘ಬಸಾ’. ‘ಊಟ ಆಯ್ತಾ’ಗೆ ‘ಜೇವಣ ಝಾಲಂ ಕಾ’, ಕೊನೆಯ ಸೊನ್ನೆ ಬರವಣಿಗೆಗೆ ಮಾತ್ರ, ಬಾಯಲ್ಲಿ ‘ಝಾಲ’ ಅಂತ ಎಳೀತಾರೆ. ಬೇಡ, ಇಲ್ಲ ಎರಡಕ್ಕೂ ಹಿಂದಿಯವರು ‘ನಹೀಂ’ ಅಂದುಬಿಡ್ತಾರೆ. ಮರಾಠಿಯಲ್ಲಿ ನಮ್ಮ ಥರ ಬೇರೆ ಬೇರೆ: ಇಲ್ಲ ಅಂದ್ರೆ ‘ನಾಹೀ’, ಬೇಡ ಅಂದ್ರೆ ‘ನಕೋ’. ‘ಚಹಾ ಘೇಣಾರ ಕಾ?’ ಅಂದಾಗ ಬೇಡವಾದರೆ ‘ನಕೋ’ ಅನ್ನಿ.

ಕನ್ನಡ ಕೈಕೊಡೋದು ಒಂದು ಕಡೆ. ‘ಬರ್ತೀನಿ’ಗೆ ನಮ್ಮಲ್ಲಿ ಗಂಡು ಹೆಣ್ಣು ಭೇದ ಇಲ್ಲ, ಅಲ್ಲಿದೆ. ನೀವು ‘ಯೇತೋ’, ನಿಮ್ಮ ಮನೆಯವರು ಒಬ್ಬರೇ ಹೊರಟಾಗ ‘ಯೇತೇ’. ಎಲ್ಲರೂ ಒಟ್ಟಿಗಿದ್ದರೆ ‘ಯೇತೋ ಆಮ್ಹೀ’. ನನ್ನಿಂದ ಕಲಿತ ನನ್ನ ಹೆಂಡತಿ ತಿಂಗಳುಗಟ್ಟಲೆ ಒಬ್ಬಳೇ ‘ಯೇತೋ’ ಅಂತಿದ್ದಳು. ಮಗಳೇ ತಿದ್ದಿದ್ದು.

ಸಾರಿಗೆ ‘ಮಾಫ ಕರಾ’ ಸಾಕು. ಥ್ಯಾಂಕ್ಸ್‌ಗೆ ‘ಧನ್ಯವಾದ’ ಇದೆ, ಆದರೆ ಪಕ್ಕದ ಮನೆಯವರಿಗೆ ಅದು ಸಭೆಯ ಮಾತಿನ ಹಾಗೆ ಕೇಳುತ್ತೆ. ಅವರು ಆಮಟಿ, ಅಂದ್ರೆ ಬೇಳೆ ಸಾರು ಕೊಟ್ಟರೆ, ಡಬ್ಬಿಯನ್ನ ಖಾಲಿ ಕಳಿಸದೆ ಏನಾದರೂ ಹಾಕಿ, ‘ಕಾಕೂ, ಆಮಟೀ ಛಾನ ಝಾಲೀ ಹೋತೀ’, ಆಮಟಿ ಚೆನ್ನಾಗಿ ಆಗಿತ್ತು ಅಂತ ಹೇಳಿ ಕೊಡಿ. ಅಂದ ಹಾಗೆ ಪಕ್ಕದ ಮನೆಯಾಕೆ ‘ಕಾಕೂ’. ‘ಮಾವಶೀ’ ಅಂದ್ರೆ ಚಿಕ್ಕಮ್ಮ, ದೊಡ್ಡಮ್ಮ ಹೌದು, ಆದರೆ ಅಲ್ಲಿ ಮನೆಗೆಲಸಕ್ಕೆ ಬರೋರನ್ನ, ತರಕಾರಿ ಮಾರೋರನ್ನ ಹಾಗೆ ಕರೆಯೋದೇ ಹೆಚ್ಚು. ನಿಮ್ಮ ವಯಸ್ಸಿನಾಕೆಯನ್ನ ‘ತಾಈ’ ಅನ್ನಬಹುದು. ಅದು ಅಕ್ಕ ಅಂತ, ನಮ್ಮ ತಾಯಿ ಅಲ್ಲ. ಆಟೋದವರಿಗೆ ‘ದಾದಾ, ಕೋಥ್ರೂಡಲಾ ಯೇಣಾರ ಕಾ?’ ಅನ್ನಿ, ಅಣ್ಣಾ, ಕೋಥ್ರೂಡ್‌ಗೆ ಬರ್ತೀರಾ ಅಂತ.